19 ಐಟಂ, 3 ಸಾಲು: ಉದ್ದದ ನ್ಯೂಸ್‌ಲೆಟರಿಗೆ ಡೈಜೆಸ್ಟ್ ಬರೆಯೋದು ಹೇಗೆ

ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಆಫೀಸಿನ ನ್ಯೂಸ್‌ಲೆಟರ್ ಬರುತ್ತೆ, ಸುಮಾರು 300 ಜನಕ್ಕೆ ಹೋಗುತ್ತೆ, ಅದರಲ್ಲಿ ಎಷ್ಟು ಜನ ಪೂರ್ತಿ ಓದ್ತಾರೆ ಅಂತ ಕೇಳಿದ್ರೆ ಅದನ್ನ ಬರೆದವರು ಮತ್ತೆ ಅದರ ಮೇಲೆ ಡೈಜೆಸ್ಟ್ ಬರೆಯೋ ನಾನು, ಅಷ್ಟೇ ಅನ್ಸುತ್ತೆ. ಬೈಯೋಕೆ ಹೇಳ್ತಿಲ್ಲ, 19 ಐಟಂ ಇರೋ ಪತ್ರನ ಶುಕ್ರವಾರ ಊಟ ಆದ್ಮೇಲೆ ಯಾರು ತಾನೇ ಓದ್ತಾರೆ. ಅದಕ್ಕೇ ಮೇಲ್ ತಲೆ ಮೇಲೆ ಮೂರು ಸಾಲು ಹಾಕೋ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ನಾನು ಮಾಡಿದ್ದು ಎಲ್ಲರೂ ಮಾಡೋ ತಪ್ಪೇ, ಹತ್ತೊಂಬತ್ತನ್ನೂ ಹಿಂಡಿ ರಸ ತೆಗೆದು ಮೂರು ಸಾಲಿಗೆ ಸುರಿಯೋದು. "ಈ ವಾರ ವಿಮೆ, ಲಾಗಿನ್, ಹೊಸ ಬಿಲ್ ಸಿಸ್ಟಂ, ಕ್ರೀಡಾಕೂಟ ಮತ್ತು ಇನ್ನೂ ಹಲವು ವಿಷಯಗಳು" ಅಂತ. ಇದನ್ನ ಓದಿದವರಿಗೆ ಏನು ಗೊತ್ತಾಯ್ತು? ಪತ್ರದಲ್ಲಿ ವಿಷಯಗಳಿವೆ ಅಂತ ಗೊತ್ತಾಯ್ತು.

ಮೂರು ಸಾಲಿನ ಡೈಜೆಸ್ಟ್ ಅಂದ್ರೆ ಸಾರಾಂಶ ಅಲ್ಲ, ದಾರಿ ಕೂಡೋ ಜಾಗದಲ್ಲಿ ನಿಲ್ಲಿಸಿರೋ ಕೈಮರ ಇದ್ದ ಹಾಗೆ. ಕೈಮರದ ಮೇಲೆ ಊರಿನ ವರ್ಣನೆ ಬರೆಯಲ್ಲ, ಯಾವ ಕಡೆ, ಎಷ್ಟು ದೂರ, ಅಷ್ಟೇ. ಹಂಗೇ ಡೈಜೆಸ್ಟಿನ ಸಾಲು ಓದಿದವನಿಗೆ ಎರಡೇ ವಿಷಯ ಗೊತ್ತಾಗಬೇಕು: ಇದು ನನಗಾ ಅಲ್ವಾ, ನನಗೇ ಆದ್ರೆ ಯಾವಾಗ ಏನು ಮಾಡಬೇಕು. ಉಳಿದಿದ್ದೆಲ್ಲ ಒಳಗಿದೆ, ಹೋಗಿ ಓದ್ಕೊಳ್ಳಲಿ. ಹಂಗಾಗಿ 19ರಲ್ಲಿ 16 ಐಟಂ ಬಿಟ್ಟುಹೋದ್ರೂ ಪರವಾಗಿಲ್ಲ, ಬಿಡಬೇಕಾದ 16ನ್ನೇ ಬಿಟ್ಟಿದೀವಾ ಅನ್ನೋದೇ ಪ್ರಶ್ನೆ.

ಒಂದು ವಾರದ ಪತ್ರ ತಗೊಂಡು ಮೊದಲಿಂದ ಕೊನೇ ತನಕ ಮಾಡಿ ತೋರಿಸ್ತೀನಿ. ಪತ್ರ ಬಂದಿದ್ದು ಶುಕ್ರವಾರ 12ನೇ ತಾರೀಖು. ಮುಂದಿನ ಪತ್ರ 19ಕ್ಕೆ. ಈ ಎರಡನೇ ತಾರೀಖನ್ನ ಮೊದಲೇ ಒಂದು ಚೀಟಿಲಿ ಬರೆದಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೊದಲ ಸಲ ನಾನು ಪತ್ರ ಓದೋದೇ ಇಲ್ಲ, ಜಾಲಾಡ್ತೀನಿ. ಅಂಕಿ ಎಲ್ಲೆಲ್ಲಿದೆ ಅಂತ ನೋಡ್ತೀನಿ, ಯಾಕಂದ್ರೆ ತಾರೀಖು, ಗಂಟೆ, ಮೊತ್ತ ಎಲ್ಲ ಅಂಕಿಲೇ ಇರುತ್ತೆ. ಆಮೇಲೆ ಕೆಲವು ಪದ ಹುಡುಕ್ತೀನಿ. ಆಫೀಸಿನ ಕನ್ನಡಕ್ಕೆ ಅದರದ್ದೇ ಒಂದು ಗುಟ್ಟಿನ ಭಾಷೆ ಇದೆ ಅಂತ ಇಷ್ಟು ದಿನಕ್ಕೆ ಗೊತ್ತಾಗಿದೆ. "ತಕ್ಕದ್ದು" ಅಂತ ಬಂದ್ರೆ ಯಾರೋ ಏನೋ ಮಾಡ್ಲೇಬೇಕು ಅಂತ ಅರ್ಥ. "ಇನ್ನು ಮುಂದೆ" ಅಂತ ಬಂದ್ರೆ ಇಷ್ಟು ದಿನ ಇದ್ದಿದ್ದು ಈಗ ಇಲ್ಲ ಅಂತ ಅರ್ಥ. "ಹೊರತುಪಡಿಸಿ" ಅಂದ್ರೆ ಕೆಲವರಿಗೆ ಅನ್ವಯಿಸಲ್ಲ, ಆ ಕೆಲವರು ಯಾರು ಅಂತ ಹುಡುಕಬೇಕು. "ಪರಿಗಣಿಸಲಾಗುವುದಿಲ್ಲ" ಅಂದ್ರೆ ತಡ ಮಾಡಿದ್ರೆ ಕೆಟ್ರಿ ಅಂತ. ಈ ನಾಲ್ಕೈದು ಪದ ಇರೋ ಪ್ಯಾರಾಗಳ ಪಕ್ಕ ಗೀಟು ಹಾಕ್ಕೊಂಡು ಹೋದ್ರೆ ಹತ್ತು ನಿಮಿಷದಲ್ಲಿ ಅರ್ಧ ಕೆಲಸ ಮುಗಿಯುತ್ತೆ.

ಆದ್ರೆ ಇದನ್ನ ಪೂರ್ತಿ ನಂಬೋ ಹಾಗಿಲ್ಲ. ಖುಷಿ ಖುಷಿಯಾಗಿ ಬರೆದಿರೋ ಐಟಂಗಳು ಈ ಜರಡಿಲಿ ತಪ್ಪಿಸ್ಕೊಳ್ತವೆ. ಆ ವಾರದ 16ನೇ ಐಟಂನ ಹೆಡ್ಡಿಂಗ್ "ನಿಮ್ಮ ಲಾಗಿನ್ ಇನ್ನಷ್ಟು ಸುರಕ್ಷಿತ!" ಅಂತ ಇತ್ತು, ಮೂರು ವಾಕ್ಯ ಬರೀ ಸುರಕ್ಷತೆ ಬಗ್ಗೆ, ನಾಲ್ಕನೇ ವಾಕ್ಯದ ಮಧ್ಯದಲ್ಲಿ "ಸೋಮವಾರದಿಂದ ಎಸ್ಸೆಮ್ಮೆಸ್ ಬದಲು ಆಪ್ ಮೂಲಕ ಕೋಡ್ ಲಭ್ಯ" ಅಂತ. ಅಂಕಿ ಇಲ್ಲ, ತಕ್ಕದ್ದು ಇಲ್ಲ, ಗುಟ್ಟಿನ ಪದ ಒಂದೂ ಇಲ್ಲ. "ಲಭ್ಯ" ಅಂತೆ! ಬಿಡಿಸಿ ಹೇಳಿದ್ರೆ, ಫೋನಲ್ಲಿ ಆಪ್ ಹಾಕ್ಕೊಳ್ಳದೇ ಇರೋರು ಸೋಮವಾರ ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತು ಬಾರದ ಕೋಡಿಗೆ ಕಾಯ್ತಾ ಇರ್ತಾರೆ. ಅದಕ್ಕೇ ಎರಡನೇ ಸಲ ಪೂರ್ತಿ ಓದಲೇಬೇಕು, ಅದರಲ್ಲೂ ಆಶ್ಚರ್ಯಸೂಚಕ ಚಿಹ್ನೆ ಇರೋ ಹೆಡ್ಡಿಂಗ್‌ಗಳನ್ನ ಅನುಮಾನದಿಂದ ಓದಬೇಕು.

ಜಾಲಾಡಿ ಓದಿ ಮುಗಿಸಿದ್ಮೇಲೆ 19ರಲ್ಲಿ ಉಳಿದಿದ್ದು ಐದು. 6ನೇದು ಬಿಲ್ ಸಿಸ್ಟಂ, ಅಂದ್ರೆ ಓಡಾಟಕ್ಕೆ ಕೈಯಿಂದ ಹಾಕಿದ ದುಡ್ಡು ವಾಪಸ್ ತಗೊಳ್ಳೋ ಸಾಫ್ಟ್‌ವೇರ್ ಬದಲಾಗ್ತಿದೆ, ಹಳೇದಕ್ಕೆ ಬಿಲ್ ಹಾಕೋಕೆ 25 ಕೊನೆ, 28ಕ್ಕೆ ಅದು ಬಂದ್. 11ನೇದು ಎರಡು ವರ್ಷದಿಂದ ಯಾರೂ ಮುಟ್ಟದ ಫೈಲ್‌ಗಳನ್ನ ಮುಂದಿನ ತಿಂಗಳು 1ರಿಂದ ಹಳೇ ದಾಸ್ತಾನಿಗೆ ಸಾಗಿಸ್ತಾರೆ ಅಂತ. 14ನೇದು ಆರೋಗ್ಯ ವಿಮೆ. 16ನೇದು ಲಾಗಿನ್. 17ನೇದು ಹೊರಗಿಂದ ಬರೋರಿಗೆ ಪಾಸ್ ಕೊಡೋ ಹೊಸ ನಿಯಮ. ಉಳಿದ 14ರಲ್ಲಿ ಹಿರಿಯರ ಸಂದೇಶ, ಕ್ರೀಡಾಕೂಟದ ಫೋಟೋ, ಹೊಸದಾಗಿ ಸೇರಿದವರು, ನಿವೃತ್ತಿ ಆದವರು, ಕ್ಯಾಂಟೀನ್ ಟೈಮಿಂಗ್, ಹೀಗೆ. ಓದಿದ್ರೆ ಸಂತೋಷ, ಓದದೇ ಇದ್ರೆ ಯಾರ ಗಂಟೂ ಹೋಗಲ್ಲ.

ಐದರಲ್ಲಿ ಮೂರು ಆರಿಸೋದೇ ನಿಜವಾದ ಕಷ್ಟ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಾಸ್ತಿ ಜನಕ್ಕೆ ತಟ್ಟೋದನ್ನ ಮೇಲೆ ಹಾಕೋಣ ಅಂತ ಮೊದಲು ಅನ್ಸುತ್ತೆ. ಆ ಲೆಕ್ಕದಲ್ಲಿ ಲಾಗಿನ್ ಎಲ್ಲರಿಗೂ, ಫೈಲ್ ಹೆಚ್ಚೂಕಮ್ಮಿ ಎಲ್ಲರಿಗೂ, ಬಿಲ್ ಒಂದು ಅರ್ಧ ಜನಕ್ಕೆ, ವಿಮೆ ಮಾತ್ರ ಈ ವರ್ಷ ಮದುವೆ ಆದವರು, ಮಗು ಆದವರಿಗೆ, 300ರಲ್ಲಿ ಹದಿನೈದೋ ಇಪ್ಪತ್ತೋ ಜನ ಇರಬಹುದು. ಜನ ಎಣಿಸಿದ್ರೆ ವಿಮೆ ಬಿದ್ದುಹೋಗುತ್ತೆ. ಆದ್ರೆ ತಪ್ಪಿಸ್ಕೊಂಡವನ ಕಡೆಯಿಂದ ನೋಡಿ. ಫೈಲ್ ದಾಸ್ತಾನಿಗೆ ಹೋದ್ರೆ ಒಂದು ರಿಕ್ವೆಸ್ಟ್ ಹಾಕಿ ಎರಡು ದಿನ ಕಾದ್ರೆ ವಾಪಸ್ ಬರುತ್ತೆ. ಪಾಸ್ ನಿಯಮ ಗೊತ್ತಿಲ್ಲದೇ ಇದ್ರೆ ಬಂದವರು ಗೇಟಲ್ಲಿ ಹತ್ತು ನಿಮಿಷ ನಿಲ್ತಾರೆ, ಗೇಟಲ್ಲಿರೋರೇ ಹೇಳ್ತಾರೆ. ವಿಮೆಗೆ ಹೆಂಡತಿ ಹೆಸರೋ ಮಗು ಹೆಸರೋ ಸೇರಿಸೋದು ತಪ್ಪಿಹೋದ್ರೆ ಇನ್ನೊಂದು ವರ್ಷ ಏನೂ ಮಾಡೋಕಾಗಲ್ಲ, ಅಷ್ಟರಲ್ಲಿ ಆಸ್ಪತ್ರೆಗೆ ಹೋಗೋ ಪರಿಸ್ಥಿತಿ ಬಂದ್ರೆ ಪೂರ್ತಿ ಖರ್ಚು ಕೈಯಿಂದ. ಹಾಗಾಗಿ ನಾನು ಕೇಳ್ಕೊಳ್ಳೋ ಮೊದಲನೇ ಪ್ರಶ್ನೆ ಎಷ್ಟು ಜನ ಅಂತಲ್ಲ, ತಪ್ಪಿದ್ರೆ ಸರಿ ಮಾಡ್ಕೊಳ್ಳೋಕಾಗುತ್ತಾ ಅಂತ. ಸರಿ ಮಾಡ್ಕೊಳ್ಳೋಕಾಗದೇ ಇರೋದು ಇಪ್ಪತ್ತೇ ಜನಕ್ಕಾದ್ರೂ ಮೇಲೆ ಬರಬೇಕು.

ಎರಡನೇ ಪ್ರಶ್ನೆಗೆ ಆಗ ಬರೆದಿಟ್ಕೊಂಡ ಚೀಟಿ ಬೇಕು: ಮುಂದಿನ ಪತ್ರ 19ಕ್ಕೆ ಬರುತ್ತೆ, ಈ ಐಟಂ ಅಲ್ಲಿ ತನಕ ಕಾಯುತ್ತಾ? ಲಾಗಿನ್ 15ಕ್ಕೆ, ಕಾಯಲ್ಲ. ವಿಮೆ 17ಕ್ಕೆ, ಕಾಯಲ್ಲ. ಫೈಲ್ ಮುಂದಿನ ತಿಂಗಳು 1ಕ್ಕೆ, ಮಧ್ಯದಲ್ಲಿ 19, 26 ಎರಡು ಪತ್ರ ಇದೆ, ಆರಾಮಾಗಿ ಕಾಯುತ್ತೆ. ಬಿಲ್ ಸ್ವಲ್ಪ ಯೋಚನೆಗೆ ಹಚ್ಚುತ್ತೆ. 25 ಅಂದ್ರೆ 19ರ ಪತ್ರದಲ್ಲೂ ಹೇಳಬಹುದು, ಆದ್ರೆ ಶುಕ್ರವಾರ ಮಧ್ಯಾಹ್ನ ಓದಿದವನಿಗೆ ಸೋಮವಾರದಿಂದ ಗುರುವಾರ ತನಕ ನಾಲ್ಕೇ ದಿನ ಸಿಗುತ್ತೆ, ಬಿಲ್ ಅಂದ್ರೆ ಜೇಬು, ಬ್ಯಾಗು, ಕಾರಿನ ಡ್ಯಾಶ್‌ಬೋರ್ಡು ಎಲ್ಲ ಹುಡುಕಿ ಚೀಟಿ ಒಟ್ಟುಮಾಡೋ ಕೆಲಸ, ನಾಲ್ಕು ದಿನ ಸಾಲಲ್ಲ. ಹಂಗಾಗಿ ಅದನ್ನ ಈಗಲೂ ಹಾಕಿ 19ಕ್ಕೆ ಇನ್ನೊಮ್ಮೆ ಹಾಕೋದು ಅಂತ ತೀರ್ಮಾನ. ಮೂರು ಸಿಕ್ತು: ಲಾಗಿನ್, ವಿಮೆ, ಬಿಲ್. ಜೋಡಿಸೋದು ಕೊನೇ ದಿನದ ಪ್ರಕಾರ, ಮೊದಲು ಮುಗಿಯೋದು ಮೊದಲು.

ಇಷ್ಟರಲ್ಲಿ ಯಾರಾದ್ರೂ ಬಂದು "ನಮ್ಮ ಕ್ರೀಡಾಕೂಟದ್ದೂ ಒಂದು ಸಾಲು ಹಾಕ್ರೀ" ಅಂದೇ ಅಂತಾರೆ. ನಾನು ಕೇಳೋದು ಒಂದೇ, "ಓದದೇ ಇದ್ದವರಿಗೆ ಏನು ನಷ್ಟ ಸಾರ್?" ಜನ ಬರಲ್ವಲ್ಲಾ ಅಂತಾರೆ. ಅದು ನಿಮಗೆ ನಷ್ಟ, ಅವರಿಗಲ್ಲ. ಮುಖ ಸಿಂಡರಿಸ್ಕೊಂಡು ಹೋಗ್ತಾರೆ, ಇರಲಿ. ಒಂದು ವಾರ ದಾಕ್ಷಿಣ್ಯಕ್ಕೆ ನಾಲ್ಕನೇ ಸಾಲು ಹಾಕಿದ್ರೆ ಮುಂದಿನ ವಾರ ಐದಾಗುತ್ತೆ, ತಿಂಗಳಾಗೋ ಅಷ್ಟರಲ್ಲಿ ಡೈಜೆಸ್ಟಿಗೇ ಒಂದು ಡೈಜೆಸ್ಟ್ ಬೇಕಾಗುತ್ತೆ.

ಈಗ ಬರೆಯೋ ಕೆಲಸ. ವಿಮೆ ಐಟಂನೇ ತಗೊಳ್ಳೋಣ, ಪತ್ರದಲ್ಲಿ ಇದ್ದಿದ್ದು ಹೀಗೆ:

"ಸಿಬ್ಬಂದಿಯ ಯೋಗಕ್ಷೇಮವೇ ನಮ್ಮ ಆದ್ಯತೆ ಎಂಬುದು ತಮಗೆಲ್ಲ ತಿಳಿದ ವಿಷಯ. ಪ್ರಸಕ್ತ ಸಾಲಿನ ಆರೋಗ್ಯ ವಿಮೆಯ ನವೀಕರಣ ಪ್ರಕ್ರಿಯೆ ಅಂತಿಮ ಹಂತದಲ್ಲಿದ್ದು, ಕಳೆದ ನವೀಕರಣದ ನಂತರ ವಿವಾಹವಾದ ಅಥವಾ ಮಗುವನ್ನು ಪಡೆದ ಸಿಬ್ಬಂದಿಯು ಅವಲಂಬಿತರ ವಿವರಗಳನ್ನು 17ರ ಸಂಜೆ 5 ಗಂಟೆಯವರೆಗೆ ಪೋರ್ಟಲ್‌ನಲ್ಲಿ ನಮೂದಿಸತಕ್ಕದ್ದು. ಸದರಿ ಅವಧಿಯ ನಂತರ ಸ್ವೀಕೃತವಾದ ವಿವರಗಳನ್ನು ಮುಂದಿನ ವರ್ಷದ ನವೀಕರಣದವರೆಗೆ ಪರಿಗಣಿಸಲಾಗುವುದಿಲ್ಲ. ಈಗಾಗಲೇ ವಿವರ ನೀಡಿರುವವರು ಪುನಃ ನೀಡಬೇಕಾಗಿಲ್ಲ."

ಮೊದಲನೇ ವಾಕ್ಯ ಹೊಡೆದುಹಾಕಿ, ಅದು ಉಪ್ಪಿನಕಾಯಿನೂ ಅಲ್ಲ, ಬರೀ ಎಲೆ ತುದಿಗೆ ಚಿಮುಕಿಸೋ ನೀರು. ಎರಡನೇದ್ರಲ್ಲಿ ಇರೋದು ಯಾರು, ಏನು, ಯಾವಾಗ. ಮೂರನೇದು ತಪ್ಪಿದ್ರೆ ಏನಾಗುತ್ತೆ. ನಾಲ್ಕನೇದು ಯಾರಿಗೆ ಬೇಡ. ಈ ಕೊನೇ ಎರಡನ್ನ ಸಣ್ಣದು ಅಂತ ಬಿಡೋ ಆಸೆ ಆಗುತ್ತೆ, ನಾನೂ ಒಂದು ವರ್ಷ ಬಿಟ್ಟಿದ್ದೆ. "ವಿಮೆ ವಿವರ 17ರೊಳಗೆ ತುಂಬಿ" ಅಂತ ನಾಲ್ಕೇ ಪದ, ಎಷ್ಟು ಚೊಕ್ಕ ಅಂತ ನನಗೆ ನಾನೇ ಬೆನ್ನು ತಟ್ಕೊಂಡೆ. ಆ ಸೋಮವಾರ ಇಡೀ ಆಫೀಸು ಪೋರ್ಟಲ್‌ಗೆ ನುಗ್ಗಿ, ಹಳೇ ವಿವರ ಇರೋರೂ ಮತ್ತೆ ತುಂಬಿ, ಕೆಲವರ ಮಕ್ಕಳ ಹೆಸರು ಎರಡೆರಡು ಸಲ ಕೂತು, ವಿಮೆ ನೋಡ್ಕೊಳ್ಳೋ ಮೇಡಂ ನನ್ನ ಟೇಬಲ್ ಹತ್ರ ಬಂದು ನಿಂತ್ಕೊಂಡು, "ಏನಪ್ಪಾ, ಇಪ್ಪತ್ತು ಜನದ ಕೆಲಸ ಇನ್ನೂರು ಜನದ್ದು ಮಾಡಿಟ್ಯಲ್ಲ, ಅಳಿಸೋಕೆ ನೀನು ಬರ್ತೀಯಾ?" ಅಂದ್ರು. ಅಳಿಸೋಕೆ ಹೋಗಿದ್ದೆ, ಎರಡು ದಿನ. ಸಾಲು ಸುಳ್ಳಾಗಿರಲಿಲ್ಲ, ಪತ್ರದಲ್ಲಿ ಇದ್ದಿದ್ದನ್ನೇ ಹೇಳಿತ್ತು, ಆದ್ರೆ "ಯಾರು" ಅನ್ನೋದು ಉದುರಿಹೋಗಿ 20 ಜನದ ಮಾತು 300 ಜನದ ಮಾತಾಗಿತ್ತು. ಚಿಕ್ಕದು ಮಾಡುವಾಗ ಮೊದಲು ಉದುರೋದು ಈ ಷರತ್ತುಗಳೇ, "ಮಾತ್ರ", "ಬಿಟ್ಟು", "ಆಗಿದ್ರೆ" ಅನ್ನೋ ಪುಟ್ಟ ಪದಗಳು.

ಅವತ್ತಿಂದ ನಾನು ಸಾಲಿನ ಶುರುವಲ್ಲೇ ಯಾರಿಗೆ ಅಂತ ಹಾಕ್ತೀನಿ, ಆಮೇಲೆ ಎರಡು ಚುಕ್ಕಿ. "ಈ ವರ್ಷ ಮದುವೆ, ಮಗು ಆದವರಿಗೆ:" ಅಂತ. ಇದರ ಲಾಭ ಏನಂದ್ರೆ ಸಂಬಂಧ ಇಲ್ಲದವನು ಅಲ್ಲೇ ಬಿಟ್ಟು ಮುಂದಿನ ಸಾಲಿಗೆ ಹೋಗ್ತಾನೆ, ಸಂಬಂಧ ಇರೋನು ಕಣ್ಣರಳಿಸಿ ಪೂರ್ತಿ ಓದ್ತಾನೆ.

ಇನ್ನೊಂದು ವಿಷಯ, ಇದು ಕನ್ನಡದಲ್ಲಿ ಬರೆಯೋರಿಗೇ ಬರೋ ಕಷ್ಟ. ನಮ್ಮ ಭಾಷೆಲಿ ಕ್ರಿಯಾಪದ ಕೊನೇಲಿ ಬರುತ್ತೆ, ಅದಕ್ಕಿಂತ ಮುಖ್ಯ, "ಇಲ್ಲ" ಅನ್ನೋದೂ ಆ ಕ್ರಿಯಾಪದದ ಬಾಲದಲ್ಲೇ ಬರುತ್ತೆ. ಫೋನಲ್ಲಿ ಮೇಲ್ ಬಂದಾಗ ಕಾಣೋದು ಸಬ್ಜೆಕ್ಟು ಮತ್ತೆ ಒಳಗಿನ ಮೊದಲ ಸ್ವಲ್ಪ ಭಾಗ, ಎಷ್ಟು ಕಾಣುತ್ತೆ ಅನ್ನೋದು ಫೋನ್ ಅಗಲ, ಅಕ್ಷರದ ಸೈಜು, ಆಪ್ ಮೇಲೆ ಹೋಗುತ್ತೆ, ಉಳಿದಿದ್ದಕ್ಕೆ ಮೂರು ಚುಕ್ಕಿ. ಈಗ ಬಿಲ್ ಸಾಲನ್ನ ಪತ್ರದಲ್ಲಿದ್ದ ಹಾಗೇ ಬರೆದ್ರೆ "ಹಳೇ ಸಿಸ್ಟಮ್ಮಲ್ಲಿ ಅರ್ಧಂಬರ್ಧ ಇರೋ ಬಿಲ್‌ಗಳು ಹೊಸದಕ್ಕೆ ತಾನಾಗೇ ವರ್ಗಾವಣೆ ಆಗಲ್ಲ" ಅಂತ ಆಗುತ್ತೆ. ಫೋನಲ್ಲಿ ಕಾಣೋದು "...ಹೊಸದಕ್ಕೆ ತಾನಾಗೇ ವರ್ಗಾವಣೆ ಆಗ…" ಅಂತ. ಓದಿದವನು ಆಗುತ್ತೆ ಅಂತ ತುಂಬ್ಕೊಂಡು ಫೋನ್ ಜೇಬಿಗಿಡ್ತಾನೆ. ಒಂದಕ್ಷರ ಕತ್ತರಿಸಿದ್ದಕ್ಕೆ ಅರ್ಥ ತಲೆಕೆಳಗು.

ಇದಕ್ಕೆ ಔಷಧಿ ನಾವು ಮಾತಾಡೋ ರೀತಿಲೇ ಇದೆ. ಎದುರಿಗಿರೋರಿಗೆ ಅವಸರದಲ್ಲಿ ಹೇಳುವಾಗ ನಾವು ಕ್ರಿಯಾಪದನ ಕೊನೇ ತನಕ ಹಿಡಿದಿಟ್ಕೊಳ್ಳಲ್ಲ, "ಹಾಕಿಬಿಡ್ರೀ ಬಿಲ್ಲು, ಗುರುವಾರದ ತನಕ ಅಷ್ಟೇ ಟೈಮು" ಅಂತೀವಿ. "ಬಂದ್ ಆಯ್ತು ಎಸ್ಸೆಮ್ಮೆಸ್ಸು, ಸೋಮವಾರದಿಂದ" ಅಂತೀವಿ. ಮುಖ್ಯವಾದ ಮಾತು ಮುಂದೆ, ಉಳಿದಿದ್ದು ಹಿಂದೆ. ಡೈಜೆಸ್ಟಲ್ಲೂ ಹಂಗೇ ಬರೀಬೇಕು, ಶಾಲೆಲಿ ಕಲಿಸಿದ ವಾಕ್ಯ ಅಲ್ಲ ಅಂತ ಸಂಕೋಚ ಬೇಡ. ಮತ್ತೆ "ಆಗಲ್ಲ" ಅನ್ನೋ ಬದಲು ಅದನ್ನೇ "ಇಲ್ಲ" ಅನ್ನೋದು ಬರದ ಹಾಗೆ ಹೇಳೋಕಾಗುತ್ತಾ ನೋಡಿ. ವರ್ಗಾವಣೆ ಆಗಲ್ಲ ಅಂದ್ರೆ ಹೊಸದ್ರಲ್ಲಿ ಮತ್ತೆ ಮೊದಲಿಂದ ತುಂಬಬೇಕು ಅಂತ ತಾನೇ? ಹಾಗೇ ಹೇಳಿ. "ಬರಲ್ಲ" ಅನ್ನೋ ಬದಲು "ಬಂದ್" ಅಂತ ಹಾಕಿ. ಎಲ್ಲಿ ಕತ್ತರಿಸಿದ್ರೂ ಉಲ್ಟಾ ಅರ್ಥ ಬರಬಾರದು, ಅರ್ಧ ಅರ್ಥ ಬಂದ್ರೆ ಅಡ್ಡಿಯಿಲ್ಲ, ಅವನು ತೆರೆದು ನೋಡ್ತಾನೆ.

ತಾರೀಖಿನ ಬಗ್ಗೆ ಎರಡು ಮಾತು. "17ರೊಳಗೆ" ಅಂದ್ರೆ 17 ಸೇರುತ್ತಾ ಇಲ್ವಾ? ಹತ್ತು ಜನನ ಕೇಳಿ ನೋಡಿ, ಒಂದೇ ಉತ್ತರ ಬರಲ್ಲ. "17ರ ಸಂಜೆ 5ರ ತನಕ" ಅಂದ್ರೆ ಜಗಳ ಇಲ್ಲ. ಹಾಗೇ "ಮುಂದಿನ ಸೋಮವಾರ" ಅಂತ ಶುಕ್ರವಾರ ಬರೆದಿದ್ದನ್ನ ಭಾನುವಾರ ಓದಿದವನಿಗೆ ಅದು ನಾಳೆನಾ ಇನ್ನೊಂದು ವಾರನಾ ಗೊತ್ತಾಗಲ್ಲ, ಮೇಲನ್ನ ಬುಧವಾರ ತೆರೆದವನಿಗಂತೂ ಅದು ಪೂರ್ತಿ ಬೇರೆ ದಿನ. ವಾರ, ತಾರೀಖು ಎರಡೂ ಹಾಕಿ, "ಸೋಮವಾರ 15". ಎರಡೂ ಹಾಕೋದ್ರಲ್ಲಿ ಇನ್ನೊಂದು ಅನುಕೂಲ ಇದೆ, ಪತ್ರದಲ್ಲೇ ತಪ್ಪಿದ್ರೆ ಸಿಕ್ಕಿಬೀಳುತ್ತೆ. ಒಂದ್ಸಲ "ಮಂಗಳವಾರ 24" ಅಂತ ಇತ್ತು, ಕ್ಯಾಲೆಂಡರ್ ನೋಡಿದ್ರೆ 24 ಬುಧವಾರ. ಬರೆದವರಿಗೆ ಫೋನ್ ಮಾಡಿದ್ರೆ ಅವರಿಗೇ ಗೊತ್ತಿರಲಿಲ್ಲ ಯಾವುದು ಸರಿ ಅಂತ. ಇಂಥ ಕಡೆ ನೀವೇ ಊಹೆ ಮಾಡಿ ಒಂದನ್ನ ಆರಿಸ್ಕೊಳ್ಳಬೇಡಿ, ಡೈಜೆಸ್ಟಿನ ಊಹೆ ಓದೋರಿಗೆ ಆದೇಶ ಆಗಿಬಿಡುತ್ತೆ.

ಇಷ್ಟೆಲ್ಲ ಆದ್ಮೇಲೆ ಆ ವಾರ ಹೋಗಿದ್ದು ಇದು:

ಎಲ್ಲರಿಗೂ: ಲಾಗಿನ್ ಎಸ್ಸೆಮ್ಮೆಸ್ ಬಂದ್, ಸೋಮವಾರ 15ರಿಂದ. ಅದಕ್ಕೆ ಮೊದಲೇ ಫೋನಿಗೆ ಆಪ್ ಹಾಕ್ಕೊಳ್ಳಿ. ಐಟಂ 16

ಈ ವರ್ಷ ಮದುವೆ, ಮಗು ಆದವರಿಗೆ: ವಿಮೆಗೆ ಹೆಸರು ಸೇರಿಸಿ, ಬುಧವಾರ 17ರ ಸಂಜೆ 5ರ ತನಕ ಮಾತ್ರ, ತಪ್ಪಿದ್ರೆ ಇನ್ನೊಂದು ವರ್ಷ ಕಾಯ್ಬೇಕು. ಆಗಲೇ ಸೇರಿಸಿದವರಿಗೆ ಬೇಡ. ಐಟಂ 14

ಬಿಲ್ ಬಾಕಿ ಇರೋರಿಗೆ: ಹಾಕಿಬಿಡಿ ಹಳೇ ಸಿಸ್ಟಮ್ಮಲ್ಲೇ, ಗುರುವಾರ 25ರ ತನಕ. ಆಮೇಲಾದ್ರೆ ಹೊಸದ್ರಲ್ಲಿ ಮೊದಲಿಂದ ತುಂಬಬೇಕು. ಐಟಂ 6

ಸಾಲು ಅಂದ್ರೆ ಫೋನಲ್ಲಿ ಒಂದೇ ಗೆರೆಗೆ ಕೂರಬೇಕು ಅಂತಲ್ಲ, ಇವು ಎರಡು ಮೂರು ಗೆರೆ ಆಗ್ತವೆ. ಒಂದು ಸಾಲಿಗೆ ಒಂದು ಐಟಂ, ಅಷ್ಟೇ ನಿಯಮ. ಜಾಗ ಉಳಿಸೋಕೆ ಎರಡು ಐಟಂನ ಒಂದೇ ಸಾಲಿಗೆ ತುರುಕಿದ್ರೆ ಓದೋನು ಮೊದಲನೇದು ತನಗಲ್ಲ ಅಂತ ಗೊತ್ತಾದ ಕೂಡ್ಲೇ ಎರಡನೇದನ್ನೂ ಬಿಟ್ಟುಬಿಡ್ತಾನೆ. ಇನ್ನು ಆಪ್ ಹೆಸರೇನು, ಎಲ್ಲಿ ಸಿಗುತ್ತೆ, ಫೋನ್ ಹಳೇದಾಗಿದ್ರೆ ಏನು ಅನ್ನೋದೆಲ್ಲ ಬೇಕಂತಲೇ ಬಿಟ್ಟಿದ್ದು, ಅದನ್ನ ತಿಳ್ಕೊಳ್ಳೋಕೇ ತಾನೇ ಒಳಗೆ ಹೋಗಬೇಕು. ಹಾಗಂತ "ನಿಮ್ಮ ಲಾಗಿನ್‌ಗೆ ಏನಾಗಲಿದೆ ಗೊತ್ತಾ?" ಅಂತ ಆಸೆ ತೋರಿಸೋ ಸಾಲು ಬೇಡ. ಎರಡು ಸಲ ಕ್ಲಿಕ್ ಸಿಗುತ್ತೆ, ಮೂರನೇ ಸಲದಿಂದ ನಿಮ್ಮನ್ನ ಯಾರೂ ನಂಬಲ್ಲ.

ಇದೇ ಸಾಲನ್ನ ಫೋನ್ ಮೆಸೇಜಲ್ಲಿ ಕಳಿಸೋದಾದ್ರೆ ಲೆಕ್ಕ ಬೇರೆ. ಮಾಮೂಲಿ ಇಂಗ್ಲಿಷ್ ಅಕ್ಷರದ ಒಂದು ಎಸ್ಸೆಮ್ಮೆಸ್ಸಲ್ಲಿ 160 ಹಿಡಿಯುತ್ತೆ, ಒಂದೇ ಒಂದು ಕನ್ನಡ ಅಕ್ಷರ ಸೇರಿದ್ರೂ ಅದು 70ಕ್ಕೆ ಇಳಿಯುತ್ತೆ, 70 ದಾಟಿದ್ರೆ ತಲಾ 67ರ ಹಾಗೆ ತುಂಡಾಗುತ್ತೆ. ಆ 70ನ್ನ ಕಣ್ಣಲ್ಲಿ ಎಣಿಸೋಕೂ ಆಗಲ್ಲ, ಯಾಕಂದ್ರೆ "ಕ್ಷಿ" ನಮಗೆ ಒಂದಕ್ಷರ, ಮೆಷಿನ್‌ಗೆ ಅದು ಕ, ಅರ್ಧಾಕ್ಷರದ ಚಿಹ್ನೆ, ಷ, ಗುಡಿಸು ಅಂತ ನಾಲ್ಕು. ಒತ್ತಕ್ಷರ ಕಮ್ಮಿ ಇರೋ ಆಡುಮಾತು ಇಲ್ಲೂ ಗೆಲ್ಲುತ್ತೆ, "ನವೀಕರಣ ಪ್ರಕ್ರಿಯೆ" ಹಾಕೋ ಜಾಗದಲ್ಲಿ "ಹೆಸರು ಸೇರಿಸಿ" ಅಂದ್ರೆ ನಾಲ್ಕು ಉಳೀತು.

ಕೈಮರ ಇದ್ರೆ ಸಾಲದು, ರಸ್ತೆನೂ ಇರಬೇಕಲ್ಲ. ಐಟಂ 16 ಅಂತ ಬರೆದು ಪತ್ರದ ತಲೆಗೆ ಲಿಂಕ್ ಕೊಟ್ರೆ ಓದೋನು 15 ಐಟಂ ಉರುಳಿಸ್ಕೊಂಡು ಹೋಗಬೇಕು, ಮಧ್ಯದಲ್ಲಿ ಕ್ರೀಡಾಕೂಟದ ಫೋಟೋ ಸಿಕ್ಕಿದ್ರೆ ಅಲ್ಲೇ ನಿಂತುಬಿಡ್ತಾನೆ. ಮೇಲ್ ಒಳಗೇ ಕೆಳಗೆ ಜಿಗಿಯೋ ಲಿಂಕ್ ಹಾಕಬಹುದು, ಆದ್ರೆ ಅದು ಎಲ್ಲಾ ಮೇಲ್ ಆಪಲ್ಲೂ ಕೆಲಸ ಮಾಡಲ್ಲ, ಕೆಲವು ಕಡೆ ಒತ್ತಿದ್ರೆ ಏನೂ ಆಗಲ್ಲ. ಅದಕ್ಕಿಂತ ಪತ್ರದ್ದು ಒಂದು ವೆಬ್ ಪ್ರತಿ ಇಟ್ಟು ಪ್ರತಿ ಹೆಡ್ಡಿಂಗಿಗೂ ಒಂದು ಗುರುತು ಕೊಟ್ಟು ಅದಕ್ಕೇ ನೇರವಾಗಿ ಕಳಿಸೋದು ಗಟ್ಟಿ ದಾರಿ:

```
<h2 id="login-app">...</h2>

https://example.com/patra/12#login-app
```

ಗುರುತಿಗೆ ಐಟಂ ನಂಬರ್ ಹಾಕಬೇಡಿ, ಕೊನೇ ಗಳಿಗೇಲಿ ಯಾರೋ ಒಂದು ಐಟಂ ಮಧ್ಯ ಸೇರಿಸಿದ್ರೆ 16 ಹೋಗಿ 17 ಆಗುತ್ತೆ, ಲಿಂಕ್ ಒತ್ತಿದವನು ಇನ್ನೆಲ್ಲೋ ಇಳೀತಾನೆ. ವಿಷಯದ ಹೆಸರೇ ಹಾಕಿ. ಸಾಲಿನ ಕೊನೇಲಿ ಬರೆಯೋ ನಂಬರನ್ನೂ ಪತ್ರ ಪಕ್ಕಾ ಆದ್ಮೇಲೆ ಇನ್ನೊಂದ್ಸಲ ನೋಡಿ. ಮತ್ತೆ ಲಿಂಕನ್ನ "ಇಲ್ಲಿ ಒತ್ತಿ" ಅನ್ನೋ ಪದಕ್ಕೆ ಕಟ್ಟಬೇಡಿ. ಸ್ಕ್ರೀನ್ ಓದಿಸ್ಕೊಂಡು ಕೇಳೋರು ಎಷ್ಟೋ ಸಲ ಲಿಂಕ್‌ಗಳನ್ನಷ್ಟೇ ಒಂದಾದ್ಮೇಲೆ ಒಂದು ಕೇಳಿಸ್ಕೊಳ್ತಾರೆ, ಅವರಿಗೆ "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ" ಅಂತ ಮೂರು ಸಲ ಕೇಳಿ ಏನು ಪ್ರಯೋಜನ. "ಫೋನಿಗೆ ಆಪ್ ಹಾಕ್ಕೊಳ್ಳಿ" ಅನ್ನೋದಕ್ಕೇ ಲಿಂಕ್ ಕಟ್ಟಿ.

ವೆಬ್ ಪ್ರತಿ ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಜಿಮೇಲ್. ಒಂದು ಮೇಲ್‌ನ ಕೋಡ್ ಸುಮಾರು 102 ಕೆಬಿ ದಾಟಿದ್ರೆ ಅದು ಉಳಿದಿದ್ದನ್ನ ಮುಚ್ಚಿಟ್ಟು ಪೂರ್ತಿ ನೋಡೋಕೆ ಒಂದು ಲಿಂಕ್ ಕೊಡುತ್ತೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಇಂಗ್ಲಿಷಿಗೆ 1, ಹಾಗಾಗಿ ಕನ್ನಡ ಪತ್ರ ಆ ಮಿತಿನ ಬೇಗ ಮುಟ್ಟುತ್ತೆ. ಫೋಟೋಗಳು ಹೊರಗಿಂದ ಬರೋದಾದ್ರೆ ಅವು ಈ ಲೆಕ್ಕಕ್ಕಿಲ್ಲ, ಅಕ್ಷರ ಮತ್ತೆ ಅಲಂಕಾರದ ಕೋಡೇ ಹೊರೆ. ನಮ್ಮ ಪತ್ರದಲ್ಲಿ ಕತ್ತರಿ ಬೀಳ್ತಿದ್ದಿದ್ದು 15ನೇ ಐಟಂ ಆಸುಪಾಸಲ್ಲಿ, ಅಂದ್ರೆ ಲಾಗಿನ್ ಐಟಂ ಜಿಮೇಲಲ್ಲಿ ಓದೋರಿಗೆ ಕಣ್ಣಿಗೇ ಬೀಳ್ತಿರಲಿಲ್ಲ.

ಬರೆದಾದ್ಮೇಲೆ ಕಳಿಸೋ ಮುಂಚೆ ನಾನು ಒಂದೇ ಒಂದು ಪರೀಕ್ಷೆ ಮಾಡ್ತೀನಿ. ಪತ್ರ ಓದಿರದ ಒಬ್ಬರನ್ನ ಹಿಡಿದು ಬರೀ ಮೂರು ಸಾಲು ತೋರಿಸಿ "ಈಗ ನೀವು ಏನು ಮಾಡ್ತೀರಾ" ಅಂತ ಕೇಳೋದು. ಅರ್ಥ ಆಯ್ತಾ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ, ಅದು ಉಪಯೋಗಕ್ಕೆ ಬಾರದ ಪ್ರಶ್ನೆ. ಆ ವಾರ ಪಕ್ಕದ ಟೇಬಲ್ಲಿನವನು ಬಿಲ್ ಸಾಲು ಓದಿ "ಹಳೇ ಬಿಲ್ ಎಲ್ಲ 25ರ ತನಕ ಹಾಕ್ತೀನಿ, ಆಮೇಲೆ ಹೊಸದ್ರಲ್ಲೂ ಮತ್ತೆ ಹಾಕ್ತೀನಿ" ಅಂದ. ನಾನು ಮೊದಲು "ಆಮೇಲೆ ಹೊಸದ್ರಲ್ಲಿ ಮೊದಲಿಂದ" ಅಂತ ಬರೆದಿದ್ದೆ, ಅವನಿಗೆ ಎರಡೂ ಕಡೆ ಹಾಕಬೇಕು ಅಂತ ಕೇಳಿಸಿತ್ತು. "ಆಮೇಲಾದ್ರೆ" ಅಂತ ಮಾಡಿದ್ಮೇಲೆ ಸರಿಹೋಯ್ತು.

ಕೆಲಸ ಮಾಡ್ತಾ ಇದೆಯಾ ಅಂತ ಗೊತ್ತಾಗೋದು ಹೇಗೆ ಅಂತ ಕೆಲವರು ಎಷ್ಟು ಜನ ಮೇಲ್ ತೆರೆದ್ರು ಅನ್ನೋ ಅಂಕಿ ತೋರಿಸ್ತಾರೆ. ಅದನ್ನ ನಂಬಬೇಡಿ. ಅದು ಮೇಲ್ ಒಳಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟು ಎಣಿಸೋ ಲೆಕ್ಕ, 2021ರಲ್ಲಿ ಆಪಲ್ ತನ್ನ ಮೇಲ್ ಆಪಲ್ಲಿ ಖಾಸಗಿತನದ ಸೌಲಭ್ಯ ತಂದ ಮೇಲೆ, ಅದನ್ನ ಆನ್ ಮಾಡ್ಕೊಂಡವರ ಮೇಲಲ್ಲಿ ಚಿತ್ರಗಳು ತೆರೆಯೋ ಮುಂಚೆನೇ ಇಳಿದುಬಿಡ್ತವೆ, ಮುಟ್ಟದೇ ಇದ್ದವರೂ ಓದಿದ ಲೆಕ್ಕಕ್ಕೆ ಬರ್ತಾರೆ. ಕ್ಲಿಕ್ ಲೆಕ್ಕ ಸ್ವಲ್ಪ ಪರವಾಗಿಲ್ಲ, ಆದ್ರೆ ಆಫೀಸುಗಳಲ್ಲಿ ವೈರಸ್ ನೋಡೋ ಸಾಫ್ಟ್‌ವೇರೇ ಲಿಂಕ್‌ಗಳನ್ನೆಲ್ಲ ಒತ್ತಿ ನೋಡುತ್ತೆ, ಮೇಲ್ ಹೋದ ಎರಡೇ ಸೆಕೆಂಡಲ್ಲಿ ಮೂರೂ ಲಿಂಕಿಗೆ ಕ್ಲಿಕ್ ಬಂದಿದ್ರೆ ಅದು ಮನುಷ್ಯರದ್ದಲ್ಲ. ಅದೂ ಅಲ್ಲದೆ ವಿಮೆ ಸಾಲಿಗೆ ಇಪ್ಪತ್ತು ಕ್ಲಿಕ್ ಬಂದ್ರೆ ಅದು ಸೋಲಲ್ಲ, ಬರಬೇಕಾಗಿದ್ದೇ ಅಷ್ಟು.

ನಾನು ನೋಡೋದು ಆಮೇಲೆ ಬರೋ ಪ್ರಶ್ನೆಗಳನ್ನ. ಸೋಮವಾರ ಬೆಳಗ್ಗೆ ಎಷ್ಟು ಜನ ಕೋಡ್ ಬರ್ತಿಲ್ಲ ಅಂತ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದ್ರು, ಗಡುವು ಮುಗಿದ್ಮೇಲೆ ಎಷ್ಟು ಜನ ಗೊತ್ತೇ ಆಗ್ಲಿಲ್ಲ ಅಂದ್ರು, ಮತ್ತೆ ನಾನು ಬಿಟ್ಟ 16ರಲ್ಲಿ ಯಾವುದರ ಬಗ್ಗೆ ಗಲಾಟೆ ಆಯ್ತು. ಈ ಮೂರನೇದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ. ಆ ವಾರ ಅಲ್ಲಿ ಬಿದ್ದಿದ್ದು ಕ್ಯಾಂಟೀನ್ ಟೈಮಿಂಗ್. ಮಧ್ಯಾಹ್ನದ ಊಟ ಅರ್ಧ ಗಂಟೆ ಮುಂಚೆ ಮುಗಿಸೋಕೆ ಶುರು ಮಾಡಿದ್ರು, ನಾನು ಯಾರ ಗಂಟೂ ಹೋಗಲ್ಲ ಅಂತ ಬಿಟ್ಟಿದ್ದೆ, ಸೋಮವಾರ ಮೀಟಿಂಗ್ ಮುಗಿಸ್ಕೊಂಡು ಬಂದ ನಲವತ್ತು ಜನ ಖಾಲಿ ಪಾತ್ರೆ ನೋಡಿ ವಾಪಸ್ ಹೋದ್ರು. ನನ್ನ ಎರಡೂ ಪ್ರಶ್ನೆಗಳ ಪ್ರಕಾರ ಅದು ಮೇಲೆ ಬರೋ ಐಟಂ ಅಲ್ಲವೇ ಅಲ್ಲ, ಮಂಗಳವಾರಕ್ಕೆ ತಾನಾಗೇ ಸರಿಹೋಗೋ ವಿಷಯ, ಈಗಲೂ ಬಿಟ್ಟಿದ್ದೇ ಸರಿ ಅಂತೀನಿ. ಆದ್ರೆ ಆ ನಲವತ್ತರಲ್ಲಿ ವಿಮೆ ಮೇಡಮ್ಮೂ ಇದ್ರು.